ಮಾಲು ತಡ, ಮೇಲೆ ಚಾರ್ಜ್ ಬಿಲ್ಲು: ಸಪ್ಲೈಯರ್‌ಗೆ ಯಾವ ಥರದ ಮೇಲ್ ಬರೆಯಬೇಕು?

ಪರ್ಚೇಸ್ ಕೆಲಸದಲ್ಲಿರುವ ಗೆಳೆಯರು ಆಗಾಗ ಕೇಳುವ ಪ್ರಶ್ನೆ ಇದು. ಮಾಲು ಹೇಳಿದ ದಿನಕ್ಕೆ ಬಂದಿಲ್ಲ. ಸಪ್ಲೈಯರ್ ಹೊಸ ತಾರೀಕುಗಳನ್ನು ಕಳಿಸಿದ್ದಾರೆ, ಅವು ನಮಗೆ ಹೊಂದುವುದಿಲ್ಲ. ಜೊತೆಗೆ ‘ಶೆಡ್ಯೂಲ್ ಬದಲಾವಣೆ ಚಾರ್ಜ್’ ಅಂತ ಒಂದು ಬಿಲ್ಲೂ ಬಂದಿದೆ. ಈಗ ತಾರೀಕು ಬದಲಾಯಿಸಿ ಅಂತಲೂ ಕೇಳಬೇಕು, ಚಾರ್ಜ್ ಬಿಡಿ ಅಂತಲೂ ಕೇಳಬೇಕು. ಎರಡನ್ನೂ ಒಂದೇ ಮೇಲ್‌ನಲ್ಲಿ ಕೇಳಬೇಕಾ? ಮೊದಲು ತಾರೀಕು, ಆಮೇಲೆ ದುಡ್ಡು ಅನ್ನಬೇಕಾ? ವಿನಂತಿಯಾ, ನೋಟಿಸಾ?

ನಾನು ಪೀಣ್ಯದಲ್ಲಿ ಪಂಪ್ ತಯಾರಿಸುವ ಒಂದು ಕಂಪನಿಗೆ ಮಾಲು ಕೊಳ್ಳುವ ಕೆಲಸ ಮಾಡುತ್ತೇನೆ. ಕ್ಯಾಸ್ಟಿಂಗ್‌ಗಳು ಬೆಳಗಾವಿಯ ಒಂದು ಫೌಂಡ್ರಿಯಿಂದ ಬರುತ್ತವೆ. ಅಲ್ಲಿಗೆ ಕೊಟ್ಟ ಒಂದು ಆರ್ಡರನ್ನೇ ಇಟ್ಟುಕೊಂಡು ನಾಲ್ಕು ಥರದ ಮೇಲ್‌ಗಳನ್ನು ಹೋಲಿಸುತ್ತೇನೆ. ಯಾಕೆಂದರೆ ಆ ಆರ್ಡರ್‌ನಲ್ಲಿ ತಪ್ಪು ಎರಡೂ ಕಡೆ ಇತ್ತು. ಇಂಥ ಹೆಚ್ಚಿನ ತಕರಾರುಗಳಲ್ಲೂ ಅದು ಹಾಗೇ ಇರುತ್ತದೆ.

ಆರ್ಡರ್‌ನ ಕತೆ

400 ಪಂಪ್ ಕೇಸಿಂಗ್, ಒಂದಕ್ಕೆ 2,400 ರೂಪಾಯಿ, ಒಟ್ಟು 9,60,000. ನೂರು ನೂರರಂತೆ ನಾಲ್ಕು ಲಾಟ್. ಜೂನ್ 5, 12, 19 ಮತ್ತು 26ಕ್ಕೆ ಫೌಂಡ್ರಿಯಿಂದ ಹೊರಡಬೇಕಿತ್ತು. ನಮ್ಮ ಪರ್ಚೇಸ್ ಆರ್ಡರ್, ಅಂದರೆ ಪಿಒದಲ್ಲಿ, ತಡಕ್ಕೆ ದಂಡ ಹಿಡಿಯುವ ಎಲ್‌ಡಿ ಷರತ್ತು ಇತ್ತು: ತಡವಾದ ಲಾಟ್‌ನ ಬೆಲೆಯ ಮೇಲೆ ಪೂರ್ತಿ ಒಂದೊಂದು ವಾರಕ್ಕೆ ಅರ್ಧ ಪರ್ಸೆಂಟ್, ಗರಿಷ್ಠ 5 ಪರ್ಸೆಂಟ್. ಅವರ ಕೊಟೇಶನ್‌ನಲ್ಲಿ ಇನ್ನೊಂದು ಷರತ್ತು ಇತ್ತು, ಅದಕ್ಕೆ ನಾವು ಸಹಿ ಹಾಕಿದ್ದೆವು: ಆರ್ಡರ್ ಕೊಟ್ಟ ಮೇಲೆ ಗ್ರಾಹಕರು ಡ್ರಾಯಿಂಗ್ ಬದಲಾಯಿಸಿದರೆ, ಅದರಿಂದ ಕೆಲಸ ಕೆಟ್ಟ ಲಾಟ್‌ನ ಬೆಲೆಯ 3 ಪರ್ಸೆಂಟ್ ಚಾರ್ಜ್.

ಮೇ 28ಕ್ಕೆ ನಮ್ಮ ಡಿಸೈನ್‌ನವರು ಫ್ಲ್ಯಾಂಜ್ ದಪ್ಪ ಬದಲಾಯಿಸಿದರು. ಫೌಂಡ್ರಿಯವರು ಅಚ್ಚು ಮಾಡುವ ಮಾದರಿ, ಅಂದರೆ ಪ್ಯಾಟರ್ನ್ ತಿದ್ದಿಸಬೇಕಾಯಿತು. ಹತ್ತು ದಿನ ಹೋಯಿತು. ಅದು ನಮ್ಮಿಂದ ಆದ ತಡ. ಆಮೇಲೆ ಜೂನ್ 12ಕ್ಕೆ ಅವರ ಇಂಡಕ್ಷನ್ ಫರ್ನೇಸ್‌ನ ಲೈನಿಂಗ್ ಕಿತ್ತುಹೋಯಿತು. ಅದು ಅವರಿಂದ ಆದ ತಡ. ಜೂನ್ 17ಕ್ಕೆ ಅವರ ಹೊಸ ಶೆಡ್ಯೂಲ್ ಬಂತು: ಜೂನ್ 30, ಜುಲೈ 10, 20, 30. ಅದರ ಜೊತೆಗೇ ಇಡೀ ಆರ್ಡರ್ ಮೇಲೆ 3 ಪರ್ಸೆಂಟ್ ಅಂದರೆ 28,800 ರೂಪಾಯಿ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ, ಒಟ್ಟು 33,984 ರೂಪಾಯಿಯ ಬಿಲ್ಲು.

ನಾನು ಅವತ್ತೇ ಸಂಜೆ ಸಿಟ್ಟಿನಲ್ಲಿ ಎರಡು ಸಾಲಿನ ಮೇಲ್ ಹಾಕಿದೆ. ‘ಈ ಶೆಡ್ಯೂಲ್ ಒಪ್ಪುವುದಿಲ್ಲ, ಕೂಡಲೇ ಸರಿಪಡಿಸಿ. ಚಾರ್ಜ್ ಬಿಲ್ಲು ವಾಪಸ್ ತಗೊಳ್ಳಿ.’ ಮಾರನೇ ದಿನ ಮಧ್ಯಾಹ್ನದವರೆಗೂ ಉತ್ತರ ಬರಲಿಲ್ಲ. ಫೋನ್ ಮಾಡಿದಾಗ ಫೌಂಡ್ರಿ ಮಾಲೀಕರು ಒಂದೇ ಮಾತು ಹೇಳಿದರು: ‘ಸರ, ನಿಮ್ಮ ಡ್ರಾಯಿಂಗ್ ಬದಲಾತಲ್ಲ, ಅದರ ಬಗ್ಗೆ ಮೇಲ್‌ನಾಗ ಒಂದು ಅಕ್ಷರ ಇಲ್ಲಲ್ರಿ.’ ಅವರ ಮಾತು ಸರಿಯಾಗಿತ್ತು. ಕೂತು ಇಡೀ ಫೈಲ್ ಮತ್ತೆ ಓದಿದೆ.

ಮೇಲ್ ಬರೆಯುವ ಮೊದಲು ನೋಡಬೇಕಾದ್ದು

ಯಾವ ಥರದ ಮೇಲ್ ಅನ್ನುವುದು ನಾಲ್ಕು ವಿಷಯಗಳ ಮೇಲೆ ನಿಂತಿದೆ. ನಮಗೆ ನಿಜಕ್ಕೂ ಯಾವ ದಿನ ಎಷ್ಟು ಮಾಲು ಬೇಕು? ತಡದಲ್ಲಿ ಯಾರ ಪಾಲು ಎಷ್ಟು? ಎರಡೂ ಕಡೆಯ ದುಡ್ಡಿನ ಲೆಕ್ಕ ನಿಜವಾಗಿ ಎಷ್ಟಾಗುತ್ತದೆ? ಮತ್ತೆ, ದುಡ್ಡು ಬಿಡುವ ಅಧಿಕಾರ ನನಗಿದೆಯಾ?

ಮೊದಲನೆಯದಕ್ಕೇ ಜಾಸ್ತಿ ಹೊತ್ತು ಕೊಡಿ. ಶೆಡ್ಯೂಲ್ ನೋಡಿದ ತಕ್ಷಣ ನಾನು ‘ಪೂರ್ತಿ ಒಂದು ತಿಂಗಳು ತಡ’ ಅಂದುಕೊಂಡಿದ್ದೆ. ಆದರೆ ಮೆಷಿನ್ ಶಾಪ್‌ಗೆ ಹೋಗಿ ಸೂಪರ್‌ವೈಸರ್ ಹತ್ತಿರ ಕೇಳಿದಾಗ ಲೆಕ್ಕ ಬೇರೆಯೇ ಇತ್ತು. ನಮ್ಮಲ್ಲಿ ದಿನಕ್ಕೆ ಹತ್ತು ಕೇಸಿಂಗ್ ಖರ್ಚಾಗುತ್ತವೆ, ವಾರಕ್ಕೆ ಆರು ದಿನ ಕೆಲಸ. ಸ್ಟೋರ್‌ನಲ್ಲಿದ್ದ ಹಳೇ ಮಾಲು ಜೂನ್ 26ರ ಸಂಜೆಯವರೆಗೆ ಸಾಕಿತ್ತು. ಫೌಂಡ್ರಿಯವರ ಪಟ್ಟಿಯಲ್ಲಿದ್ದ ಜೂನ್ 30 ಅಲ್ಲಿಂದ ಲಾರಿ ಹೊರಡುವ ದಿನ. ನಮ್ಮ ಗೇಟ್‌ಗೆ ಬರುವುದು ಜುಲೈ 1, ತಪಾಸಣೆ ಮುಗಿದು ಮೆಷಿನ್‌ಗೆ ಏರುವುದು ಜುಲೈ 2. ಅಂದರೆ 27, 28, ಭಾನುವಾರ ಬಿಟ್ಟು 30, ಆಮೇಲೆ ಜುಲೈ 1. ನಾಲ್ಕು ದಿನ ಮೆಷಿನ್ ಖಾಲಿ. ಅಲ್ಲಿಂದ ಮುಂದೆ ಅವರು ಹೇಳಿದ ತಾರೀಕುಗಳೇ ನಮಗೆ ಸಾಕಾಗುತ್ತಿದ್ದವು!

ನನಗೆ ಬೇಕಾಗಿದ್ದದ್ದು ಬರೀ 40 ಕೇಸಿಂಗ್, ಜೂನ್ 25ಕ್ಕೆ ನಮ್ಮ ಗೇಟ್‌ನಲ್ಲಿ. ಕೊನೆಯ ಲಾಟ್‌ನಲ್ಲಿ 40 ಕಡಿಮೆ ಮಾಡಿಕೊಂಡರೆ ಆಯಿತು. ‘ಶೆಡ್ಯೂಲ್ ಒಪ್ಪುವುದಿಲ್ಲ’ ಅನ್ನುವುದಕ್ಕೂ ‘40 ಪೀಸ್ ಆರು ದಿನ ಮೊದಲು ಕಳಿಸಿ’ ಅನ್ನುವುದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ? ಎರಡನೆಯದಕ್ಕೆ ಫೌಂಡ್ರಿಯವರು ಹೌದು ಅನ್ನಬಹುದು. ಮೊದಲನೆಯದಕ್ಕೆ ಏನು ಉತ್ತರ ಕೊಡಬೇಕೋ ಅವರಿಗೂ ಗೊತ್ತಾಗುವುದಿಲ್ಲ. ಹಾಗೇ, ಶೆಡ್ಯೂಲ್‌ನಲ್ಲಿರುವ ತಾರೀಕು ಹೊರಡುವ ದಿನವಾ ತಲುಪುವ ದಿನವಾ ಅಂತ ಪ್ರತಿ ಸಲ ಕೇಳಿ. ಬೆಳಗಾವಿಯಿಂದ ಬೆಂಗಳೂರಿಗೆ ಒಂದು ರಾತ್ರಿಯ ದಾರಿ. ಕೊಯಮತ್ತೂರು, ರಾಜ್‌ಕೋಟ್‌ಗಳಿಂದ ಬರುವ ಮಾಲಾದರೆ ಅದರ ಲೆಕ್ಕ ಬೇರೆ.

ಎರಡನೆಯದು ತಡದ ಪಾಲು. ಮೇಲ್‌ಗಳ ತಾರೀಕು ನೋಡಿ ಬರೆದಿಡಿ. ನಮ್ಮ ಹತ್ತು ದಿನ ಕಳೆದರೆ ಲಾಟ್‌ಗಳು ಜೂನ್ 15, 22, 29 ಮತ್ತು ಜುಲೈ 6ಕ್ಕೆ ಹೊರಡಬೇಕಿತ್ತು. ಅಲ್ಲಿಂದ ಆಚೆ ಅವರ ಪಾಲು: 15, 18, 21, 24 ದಿನ. ಪೂರ್ತಿ ವಾರಗಳ ಲೆಕ್ಕದಲ್ಲಿ ಎರಡು, ಎರಡು, ಮೂರು, ಮೂರು, ಒಟ್ಟು ಹತ್ತು ವಾರ. ಒಂದು ಲಾಟ್‌ನ ಬೆಲೆ 2,40,000, ಅದರ ಅರ್ಧ ಪರ್ಸೆಂಟ್ 1,200. ಹತ್ತು ವಾರಕ್ಕೆ ನಮ್ಮ ಎಲ್‌ಡಿ 12,000 ರೂಪಾಯಿ.

ಈಗ ಅವರ ಬಿಲ್ಲು. ಅವರ ಷರತ್ತಿನ ಮಾತನ್ನೇ ಓದಿದರೆ ಚಾರ್ಜ್ ‘ಕೆಲಸ ಕೆಟ್ಟ ಲಾಟ್’ ಮೇಲೆ. ಡ್ರಾಯಿಂಗ್ ಬದಲಾದಾಗ ಶುರುವಾಗಿದ್ದದ್ದು ಮೊದಲ ಲಾಟ್ ಒಂದೇ. ಹಾಗಾದರೆ 2,40,000ದ 3 ಪರ್ಸೆಂಟ್, 7,200 ರೂಪಾಯಿ. ಬಿಲ್ಲು ಹಾಕಿದ್ದು 28,800ಕ್ಕೆ. ಅವರು ಕೇಳಿದಂತೆ ನೋಡಿದರೆ ನಾವೇ ಅವರಿಗೆ ಕೊಡಬೇಕು. ಷರತ್ತಿನಂತೆ ನೋಡಿದರೆ ಅವರೇ ನಮಗೆ 4,800 ಕೊಡಬೇಕು. ಆದರೆ ನಾಲ್ಕು ದಿನ ಮೆಷಿನ್ ಖಾಲಿ ನಿಂತರೆ ಸಂಬಳ ಮತ್ತು ನಮ್ಮ ಗ್ರಾಹಕರ ದಂಡ ಸೇರಿ ಹೋಗುವುದು ಇದಕ್ಕಿಂತ ಎಷ್ಟೋ ಜಾಸ್ತಿ. ಈ ಲೆಕ್ಕ ಎದುರಿಗಿದ್ದರೆ ಯಾವ ಮೇಲ್ ಅನ್ನುವುದು ಅರ್ಧ ತೀರ್ಮಾನವಾದಂತೆ.

ಅಧಿಕಾರದ ವಿಷಯ ಚಿಕ್ಕದು, ಆದರೆ ಬಹಳ ಜನ ಮರೆಯುತ್ತಾರೆ. ತಾರೀಕು ಬದಲಾಯಿಸಲು ಪರ್ಚೇಸ್ ಮ್ಯಾನೇಜರ್‌ಗೆ ಅಧಿಕಾರ ಇರುತ್ತದೆ. ಎಲ್‌ಡಿ ಬಿಡಲು ಎಷ್ಟೋ ಕಂಪನಿಗಳಲ್ಲಿ ಫೈನಾನ್ಸ್‌ನವರ ಒಪ್ಪಿಗೆ ಬೇಕು. ಅದು ಕೈಯಲ್ಲಿಲ್ಲದೆ ‘ನಾವೂ ನಮ್ಮದು ಬಿಡುತ್ತೇವೆ’ ಅಂತ ಬರೆಯಬೇಡಿ.

ಒಂದು: ಈಗ ತಾರೀಕು ಮಾತ್ರ, ದುಡ್ಡು ಆಮೇಲೆ

ಮಾಲು ಇನ್ನು ಎರಡು ಮೂರು ದಿನದಲ್ಲಿ ಖಾಲಿಯಾಗುತ್ತದೆ, ತಪ್ಪು ಯಾರದ್ದು ಅನ್ನುವುದು ಇನ್ನೂ ಸ್ಪಷ್ಟ ಇಲ್ಲ, ಅಥವಾ ಫೈನಾನ್ಸ್‌ನವರು ಊರಲ್ಲಿಲ್ಲ. ಆಗ ಇದೇ ಸರಿ. ಮೇಲ್‌ನಲ್ಲಿ ಬರೀ ಮಾಲಿನ ಮಾತು. ದುಡ್ಡಿನ ಬಗ್ಗೆ ಒಂದೇ ಸಾಲು.

ಆದರೆ ಆ ಒಂದು ಸಾಲು ಇರಲೇಬೇಕು. 1872ರ ಭಾರತೀಯ ಕರಾರು ಕಾಯ್ದೆಯ 55ನೇ ಸೆಕ್ಷನ್ ಇಲ್ಲಿ ಕೆಲಸ ಮಾಡುತ್ತದೆ. ಸಮಯವೇ ಮುಖ್ಯ ಅಂತ ಆಗಿರುವ ಕರಾರಿನಲ್ಲಿ, ತಡವಾಗಿ ಬಂದ ಮಾಲನ್ನು ಸುಮ್ನೆ ತಗೊಂಡರೆ ಆ ತಡಕ್ಕೆ ಪರಿಹಾರ ಕೇಳುವ ಹಕ್ಕು ಹೋಗುತ್ತದೆ. ತಗೊಳ್ಳುವ ಹೊತ್ತಿಗೇ ‘ಪರಿಹಾರ ಕೇಳುತ್ತೇವೆ’ ಅಂತ ತಿಳಿಸಿದ್ದರೆ ಮಾತ್ರ ಹಕ್ಕು ಉಳಿಯುತ್ತದೆ. ಆದ್ದರಿಂದ ಹೀಗೆ ಬರೆಯಿರಿ: ‘ಈ ತಾರೀಕುಗಳಿಗೆ ಒಪ್ಪುವುದರಿಂದ ಪಿಒದಲ್ಲಿರುವ ಎಲ್‌ಡಿ ಹಕ್ಕನ್ನು ನಾವು ಬಿಟ್ಟಂತಲ್ಲ, ತಡದ ಪರಿಹಾರ ಕೇಳುವವರಿದ್ದೇವೆ. ನಿಮ್ಮ ಚಾರ್ಜ್ ಬಿಲ್ಲನ್ನು ನಾವು ಒಪ್ಪಿದಂತೆಯೂ ಅಲ್ಲ. ಎರಡನ್ನೂ ಮಾಲು ಬಂದ ಮೇಲೆ ಕೂತು ಬಗೆಹರಿಸೋಣ.’ ಸರ್ಕಾರಿ ಕಂಪನಿಗಳಲ್ಲಿ ಇದನ್ನೇ ‘ಎಲ್‌ಡಿ ಸಹಿತ ಅವಧಿ ವಿಸ್ತರಣೆ’, ‘ಎಲ್‌ಡಿ ರಹಿತ ಅವಧಿ ವಿಸ್ತರಣೆ’ ಅಂತ ಬೇರೆ ಬೇರೆ ಮಾಡಿ ಕೊಡುತ್ತಾರೆ.

ಈ ದಾರಿಯ ತೊಂದರೆ ಏನೆಂದರೆ, ಬಿಲ್ಲು ಅವರ ಖಾತೆಯಲ್ಲಿ ಹಾಗೇ ನಿಂತಿರುತ್ತದೆ. ಕೊನೆಯ ಲಾಟ್ ಹೊರಡುವ ಹೊತ್ತಿಗೆ ‘ಮೊದಲು ಆ ಬಾಕಿ ಮುಗಿಸಿ’ ಅನ್ನಬಹುದು. ಆಗ ನಿಮ್ಮ ಕೈಯಲ್ಲಿ ಮಾಲೂ ಇಲ್ಲ, ಸಮಯವೂ ಇಲ್ಲ. ಆದ್ದರಿಂದ ದುಡ್ಡಿನ ಮಾತಿಗೆ ಒಂದು ದಿನ ಗೊತ್ತುಮಾಡಿ. ಅದು ಕೊನೆಯ ಲಾಟ್‌ಗಿಂತ ಮೊದಲೇ ಇರಲಿ.

ಎರಡು: ಎರಡನ್ನೂ ನೇರವಾಗಿ ಕೇಳುವುದು

ಡ್ರಾಯಿಂಗ್ ಬದಲಾಗಿಲ್ಲ, ಅಡ್ವಾನ್ಸ್ ಸರಿಯಾದ ದಿನಕ್ಕೆ ಹೋಗಿದೆ, ತಡ ಪೂರ್ತಿ ಅವರದ್ದೇ, ಆದರೂ ‘ಬೇಗ ಕಳಿಸಲು ಎಕ್ಸ್‌ಪ್ರೆಸ್ ಚಾರ್ಜ್’ ಅಂತ ಬಿಲ್ಲು ಹಾಕಿದ್ದಾರೆ. ಆಗ ಸುತ್ತಿ ಬಳಸಿ ಬರೆಯುವ ಅಗತ್ಯವಿಲ್ಲ. ಯಾವ ಷರತ್ತಿನ ಮೇಲೆ ಚಾರ್ಜ್ ಹಾಕಿದ್ದೀರಿ ಅಂತ ಕೇಳಿ, ಅಂಥ ಷರತ್ತು ಇಲ್ಲ ಅಂತ ತೋರಿಸಿ, ಬಿಲ್ಲು ರದ್ದು ಮಾಡಲು ಹೇಳಿ, ಬೇಕಾದ ತಾರೀಕು ಕೊಡಿ.

ಷರತ್ತು ಇದೆಯೋ ಇಲ್ಲವೋ ಅಂತ ನೋಡುವಾಗ ಎಚ್ಚರ ಬೇಕು. ಅವರ ಕೊಟೇಶನ್‌ನಲ್ಲಿ ಒಂದು ಇರುತ್ತದೆ, ನಮ್ಮ ಪಿಒ ಹಿಂಬದಿಯಲ್ಲಿ ‘ನಮ್ಮ ಷರತ್ತುಗಳೇ ಅಂತಿಮ’ ಅಂತ ಇರುತ್ತದೆ, ಆಮೇಲೆ ಅವರ ಆರ್ಡರ್ ಅಕ್ಸೆಪ್ಟೆನ್ಸ್‌ನಲ್ಲಿ ಮತ್ತೆ ಅವರದೇ ಷರತ್ತು ಬಂದಿರುತ್ತದೆ. ಕೊನೆಗೆ ಯಾರು ಯಾವ ಕಾಗದಕ್ಕೆ ಒಪ್ಪಿದರು ಅನ್ನುವುದೇ ಲೆಕ್ಕ. ನನ್ನ ವಿಷಯದಲ್ಲಿ ಅವರ ಕೊಟೇಶನ್ ಮೇಲೆ ನಮ್ಮದೇ ಸಹಿ ಇತ್ತು. ‘ಅಂಥ ಷರತ್ತೇ ಇಲ್ಲ’ ಅಂತ ಬರೆದಿದ್ದರೆ ಅವರು ಅದೇ ಹಾಳೆ ವಾಪಸ್ ಕಳಿಸುತ್ತಿದ್ದರು.

ನಮ್ಮ ಕಡೆಯೂ ತಪ್ಪಿದ್ದಾಗ ಈ ಮೇಲ್ ಕೆಲಸ ಮಾಡುವುದಿಲ್ಲ. ನಾನು ಮೊದಲು ಹಾಕಿದ್ದು ಇದೇ ಥರದ್ದು.

ಮೂರು: ನೀವೂ ಬಿಡಿ, ನಾವೂ ಬಿಡುತ್ತೇವೆ

ತಪ್ಪು ಎರಡೂ ಕಡೆ ಇದೆ, ಎರಡೂ ಕಡೆಯ ಲೆಕ್ಕ ಹತ್ತಿರ ಹತ್ತಿರ ಇದೆ, ಮುಂದೆಯೂ ಇವರ ಹತ್ತಿರವೇ ಮಾಲು ತಗೊಳ್ಳಬೇಕು. ಆಗ ನನ್ನ ಆಯ್ಕೆ ಇದೇ. ಅವರು ಚಾರ್ಜ್ ಬಿಡುತ್ತಾರೆ, ನಾವು ಎಲ್‌ಡಿ ಬಿಡುತ್ತೇವೆ, ಅದಕ್ಕೆ ಪ್ರತಿಯಾಗಿ ನಮಗೆ ಬೇಕಾದ ದಿನಕ್ಕೆ ಬೇಕಾದಷ್ಟು ಮಾಲು ಬರುತ್ತದೆ.

ನನ್ನ ಲೆಕ್ಕದಲ್ಲಿ ನಾನು 12,000 ಬಿಟ್ಟು 7,200 ಉಳಿಸಿಕೊಂಡಂತೆ. ಕಾಗದದ ಮೇಲೆ 4,800 ನಷ್ಟ. ಫೈನಾನ್ಸ್‌ನವರು ಇದನ್ನೇ ಕೇಳಿದರು. ನಾನು ಮೆಷಿನ್ ಶಾಪ್‌ನ ನಾಲ್ಕು ದಿನ ತೋರಿಸಿದೆ. ಇನ್ನೊಂದು ವಿಷಯವನ್ನೂ ಹೇಳಿದೆ. ಕರಾರಿನಲ್ಲಿ ಬರೆದ ದಂಡದ ಮೊತ್ತ ತಾನಾಗಿಯೇ ಪೂರ್ತಿ ಸಿಗುತ್ತದೆ ಅಂತ ಇಲ್ಲ. ಅದೇ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಸಿಗುವುದು ನ್ಯಾಯವಾದ ಪರಿಹಾರ. ಬರೆದ ಮೊತ್ತ ಅದರ ಮೇಲಿನ ಮಿತಿ. ತಡದ ಒಂದು ಭಾಗ ನಮ್ಮಿಂದಲೇ ಆಗಿರುವಾಗ 12,000ಕ್ಕೆ ಜಗ್ಗಾಡಿ ಕೊನೆಗೆ ಎಷ್ಟು ಸಿಗುತ್ತಿತ್ತು ಹೇಳಲಾಗದು.

ಇಲ್ಲಿ ಜನ ಎಡವುವ ಒಂದು ಜಾಗವಿದೆ. ‘ನಾವು ಎಲ್‌ಡಿ ಬಿಟ್ಟಿದ್ದೇವೆ’ ಅಂತ ಧಾರಾಳವಾಗಿ ಬರೆದುಬಿಡುತ್ತಾರೆ. 63ನೇ ಸೆಕ್ಷನ್ ಪ್ರಕಾರ, ತನಗೆ ಬರಬೇಕಾದ್ದನ್ನು ಒಬ್ಬರು ಪೂರ್ತಿಯಾಗಿ ಅಥವಾ ಭಾಗಶಃ ಬಿಡಬಹುದು. ಅದಕ್ಕೆ ಪ್ರತಿಯಾಗಿ ಏನೂ ಪಡೆಯದಿದ್ದರೂ ಬಿಟ್ಟದ್ದು ಬಿಟ್ಟಂತೆಯೇ. ಆಮೇಲೆ 40 ಪೀಸ್ ಬರಲಿಲ್ಲ ಅಂದರೆ ನಿಮ್ಮ ಹತ್ತಿರ ಕೇಳಲು ಏನೂ ಉಳಿಯುವುದಿಲ್ಲ. ಆದ್ದರಿಂದ ‘ಈ ತಾರೀಕುಗಳು ಪಾಲನೆಯಾದರೆ’ ಅನ್ನುವ ಷರತ್ತು ಮೊದಲು ಬರಬೇಕು, ಬಿಡುವ ಮಾತು ಆಮೇಲೆ. ಯಾವ ತಡಕ್ಕೆ ಬಿಡುತ್ತಿದ್ದೀರಿ ಅನ್ನುವುದನ್ನೂ ಬರೆಯಿರಿ. ಈ ಆರ್ಡರ್, ಈವರೆಗಿನ ತಡ, ಅಷ್ಟೇ. ಹೊಸ ತಾರೀಕಿನಿಂದ ಮುಂದೆ ತಡವಾದರೆ ಎಲ್‌ಡಿ ಹಾಗೇ ಇರಲಿ.

ನಾಲ್ಕು: ನೋಟಿಸ್ ಧಾಟಿಯ ಮೇಲ್

ತಾರೀಕು ಮೂರನೇ ಸಲ ಜಾರಿದೆ, ಫೋನ್ ಎತ್ತುತ್ತಿಲ್ಲ, ನಿಮ್ಮ ಗ್ರಾಹಕರು ಆರ್ಡರ್ ವಾಪಸ್ ತಗೊಳ್ಳುವ ಮಾತಾಡುತ್ತಿದ್ದಾರೆ. ಆಗ ಕೊನೆಯ ದಿನ ಕೊಟ್ಟು, ಅದಕ್ಕೂ ಬರದಿದ್ದರೆ ಆರ್ಡರ್ ರದ್ದು ಮಾಡಿ ಬೇರೆ ಕಡೆ ಕೊಳ್ಳುತ್ತೇವೆ, ಬೆಲೆಯ ವ್ಯತ್ಯಾಸ ನಿಮ್ಮಿಂದ ಕೇಳುತ್ತೇವೆ ಅಂತ ಬರೆಯಬೇಕಾಗುತ್ತದೆ. ಇದನ್ನು ವಕೀಲರಿಗೆ ತೋರಿಸಿಯೇ ಕಳಿಸಿ.

ಕಳಿಸುವ ಮೊದಲು ಬೇರೆ ಕಡೆ ಕೊಳ್ಳಲು ನಿಜಕ್ಕೂ ಆಗುತ್ತದಾ ಅಂತ ನೋಡಿ. ಅಂಗಡಿಯಲ್ಲಿ ಸಿಗುವ ಬೋಲ್ಟು, ಬೇರಿಂಗ್ ಆದರೆ ಆಗುತ್ತದೆ. ಕ್ಯಾಸ್ಟಿಂಗ್ ಹಾಗಲ್ಲ. ಪ್ಯಾಟರ್ನ್ ನಿಮ್ಮ ದುಡ್ಡಿನದ್ದೇ ಆದರೂ ಅದು ಅವರ ಫೌಂಡ್ರಿಯಲ್ಲಿದೆ. ಅದನ್ನು ತರಿಸಿ, ಹೊಸ ಫೌಂಡ್ರಿಗೆ ಕೊಟ್ಟು, ಸ್ಯಾಂಪಲ್ ಹೊಯ್ಯಿಸಿ, ಒಪ್ಪಿಗೆ ಕೊಟ್ಟು, ಮಾಲು ಬರುವ ಹೊತ್ತಿಗೆ ವಾರಗಳೇ ಹೋಗುತ್ತವೆ. ಅವರ ಹೊಸ ಶೆಡ್ಯೂಲ್ ಅದಕ್ಕಿಂತ ಬೇಗ ಇದ್ದರೆ ನೋಟಿಸ್‌ನಿಂದ ನಿಮಗೆ ಒಂದು ಪೀಸೂ ಬೇಗ ಸಿಗುವುದಿಲ್ಲ. ನೋಟಿಸ್ ಕೈಗೆ ಹೋದ ಮೇಲೆ ಆ ಕಡೆಯಿಂದಲೂ ವಕೀಲರೇ ಬರೆಯುತ್ತಾರೆ. ‘ಶನಿವಾರ ಎರಡು ಹೀಟ್ ಜಾಸ್ತಿ ತೆಗೆದು ಕಳಿಸ್ತೀನಿ’ ಅನ್ನುವ ಮಾತು ಅಲ್ಲಿಗೆ ಮುಗಿಯಿತು.

ನಿಮ್ಮ ಜಾಗದಲ್ಲಿ ನಿಂತು ನೋಡಿದರೆ

ಹತ್ತು ಜನರ ಚಿಕ್ಕ ವರ್ಕ್‌ಶಾಪ್ ನಿಮ್ಮದಾದರೆ, ಮೂವತ್ತು ಸಾವಿರದ ಬಿಲ್ಲು ಒಬ್ಬರ ತಿಂಗಳ ಸಂಬಳಕ್ಕಿಂತ ದೊಡ್ಡದಿರಬಹುದು. ಫೌಂಡ್ರಿಗೆ ನೀವು ಚಿಕ್ಕ ಗ್ರಾಹಕರು. ನಿಮ್ಮ ಎಲ್‌ಡಿ ಷರತ್ತಿಗೆ ಅವರು ಹೆದರುವುದಿಲ್ಲ, ಎಷ್ಟೋ ಸಲ ಪಿಒದಲ್ಲಿ ಆ ಷರತ್ತೇ ಇರುವುದಿಲ್ಲ. ಹಾಗಿದ್ದರೆ ವಿನಿಮಯಕ್ಕೆ ಕೊಡಲು ಬೇರೆ ಏನಿದೆ ನೋಡಿ. ಬಂದ ಲಾಟ್‌ಗೆ ಅದೇ ವಾರ ಪೇಮೆಂಟ್, ಲಾರಿ ನೀವೇ ಕಳಿಸುವುದು, ಭಾಗ ಭಾಗವಾಗಿ ಬಂದರೂ ತಗೊಳ್ಳುವುದು. ಚಿಕ್ಕ ಫೌಂಡ್ರಿಗೆ ಬೇಗ ಬರುವ ದುಡ್ಡು ಚಾರ್ಜ್‌ಗಿಂತ ಜಾಸ್ತಿ ಬೆಲೆಬಾಳುತ್ತದೆ.

ದೊಡ್ಡ ಕಂಪನಿಯಲ್ಲಿದ್ದರೆ ಎಲ್‌ಡಿ ಬಿಡಿಸುವುದಕ್ಕೇ ವಾರ ಹಿಡಿಯಬಹುದು. ಆಗ ಮೊದಲನೇ ಮೇಲ್ ಇವತ್ತು ಹಾಕಿ, ಒಪ್ಪಿಗೆ ಸಿಕ್ಕ ಮೇಲೆ ಮೂರನೆಯದನ್ನು ಹಾಕಿ. ಸರ್ಕಾರಿ ಕಂಪನಿಯಲ್ಲಿದ್ದರೆ ಎಲ್‌ಡಿ ಬಿಟ್ಟದ್ದಕ್ಕೆ ಆಡಿಟ್‌ನಲ್ಲಿ ಕಾರಣ ಕೇಳುತ್ತಾರೆ. ಡ್ರಾಯಿಂಗ್ ಬದಲಾದ ದಿನದ ಮೇಲ್, ಪ್ಯಾಟರ್ನ್ ತಿದ್ದಿದ ದಿನದ ಮೇಲ್, ಎಲ್ಲ ಫೈಲ್‌ನಲ್ಲಿರಲಿ.

ಒಂದು ದಂಡ ಮಾತ್ರ ಈ ಲೆಕ್ಕದಿಂದ ಹೊರಗಿಡಿ. ಬಿಲ್ಲು ತಡವಾಗಿ ಕಟ್ಟಿದ್ದಕ್ಕೆ ಸಪ್ಲೈಯರ್ ಬಡ್ಡಿ ಹಾಕಿದ್ದರೆ, ಅವರು ನೋಂದಾಯಿತ ಮೈಕ್ರೋ ಅಥವಾ ಸ್ಮಾಲ್ ಘಟಕವಾ ಅಂತ ಮೊದಲು ನೋಡಿ. 2006ರ ಎಂಎಸ್‌ಎಂಇಡಿ ಕಾಯ್ದೆಯಲ್ಲಿ ಅಂಥವರಿಗೆ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಅದನ್ನು ಶೆಡ್ಯೂಲ್ ಮಾತಿನ ಜೊತೆ ಬೆರೆಸಬೇಡಿ. ಚೌಕಾಶಿಗೆ ಅಂತ ಹಳೇ ಬಿಲ್ಲುಗಳನ್ನು ತಡೆದಿಡುವುದಂತೂ ಬೇಡವೇ ಬೇಡ.

ನಾನು ಕೊನೆಗೆ ಕಳಿಸಿದ ಮೇಲ್

ಮೊದಲು ಮಾಲೀಕರಿಗೆ ಫೋನ್ ಮಾಡಿದೆ. ಡ್ರಾಯಿಂಗ್ ಬದಲಾವಣೆ ನಮ್ಮದೇ ಅಂತ ಒಪ್ಪಿಕೊಂಡೆ. 40 ಪೀಸ್ ಸಾಧ್ಯವಾ ಅಂತ ಕೇಳಿದೆ. ಒಂದು ಕೇಸಿಂಗ್ ಸುಮಾರು 18 ಕೆಜಿ. ಲೈನಿಂಗ್ ಕೆಲಸ 20ಕ್ಕೆ ಮುಗಿದರೆ 21ಕ್ಕೆ ಎರಡು ಹೀಟ್‌ನಲ್ಲಿ ಹೊಯ್ಯಬಹುದು, ತಣಿದ ಮೇಲೆ ಉಜ್ಜಿ ಶುಚಿ ಮಾಡುವ ಫೆಟ್ಲಿಂಗ್ ಮುಗಿಸಿ 24ರ ಸಂಜೆ ಲಾರಿ ಹತ್ತಿಸಬಹುದು ಅಂದರು. ಸಾಧ್ಯವೇ ಅಂತ ಗೊತ್ತಾದ ಮೇಲೆ ಮೇಲ್ ಬರೆದೆ. ನಮ್ಮಲ್ಲಿ ಇಂಗ್ಲಿಷಿನಲ್ಲಿ ಬರೆಯುವುದು ರೂಢಿ. ಅದರ ಸಾರ ಹೀಗಿತ್ತು:

> ವಿಷಯ: ಪಂಪ್ ಕೇಸಿಂಗ್ ಪಿಒ: ಜೂನ್ 25ಕ್ಕೆ 40 ಪೀಸ್, ಎರಡೂ ಕಡೆಯ ಚಾರ್ಜ್ ಕೈಬಿಡುವ ಬಗ್ಗೆ
>
> ನಮಸ್ಕಾರ ಸರ್,
>
> ಇವತ್ತು ಫೋನಿನಲ್ಲಿ ಮಾತಾಡಿದ್ದನ್ನು ಬರೆದು ಕಳಿಸುತ್ತಿದ್ದೇನೆ.
>
> ಮೇ 28ಕ್ಕೆ ನಮ್ಮ ಕಡೆಯಿಂದ ಡ್ರಾಯಿಂಗ್ ಬದಲಾಯಿತು. ಪ್ಯಾಟರ್ನ್ ತಿದ್ದಲು ನಿಮಗೆ ಹತ್ತು ದಿನ ಬೇಕಾಯಿತು. ಅಷ್ಟು ತಡ ನಮ್ಮದು. ಜೂನ್ 12ರ ನಂತರದ ತಡ ಫರ್ನೇಸ್ ಲೈನಿಂಗ್‌ನಿಂದ ಆದದ್ದು.
>
> ನೀವು ಜೂನ್ 17ಕ್ಕೆ ಕಳಿಸಿದ ಶೆಡ್ಯೂಲ್‌ನಲ್ಲಿ ನಾವು ಕೇಳುವ ಬದಲಾವಣೆ ಒಂದೇ. 40 ಪೀಸ್ ಜೂನ್ 25ಕ್ಕೆ ನಮ್ಮ ಗೇಟ್ ತಲುಪಬೇಕು. ಕೊನೆಯ ಲಾಟ್ 100ರ ಬದಲು 60 ಇರಲಿ. ಉಳಿದ ಲಾಟ್‌ಗಳು ನಿಮ್ಮ ತಾರೀಕಿನಂತೆಯೇ ಹೊರಡಲಿ: ಜೂನ್ 30, ಜುಲೈ 10 ಮತ್ತು 20ಕ್ಕೆ ನೂರು ನೂರು, ಜುಲೈ 30ಕ್ಕೆ 60. 26ರ ಸಂಜೆಗೆ ನಮ್ಮ ಸ್ಟಾಕ್ ಮುಗಿಯುತ್ತದೆ, ಅದಕ್ಕಾಗಿ ಈ ಕೋರಿಕೆ.
>
> ನಿಮ್ಮ ಷರತ್ತಿನಂತೆ ಚಾರ್ಜ್ ಮೊದಲ ಲಾಟ್‌ಗೆ ಮಾತ್ರ ಬರುತ್ತದೆ, ಅದು 7,200 ರೂಪಾಯಿ. ಪಿಒದಂತೆ ನಮ್ಮ ಎಲ್‌ಡಿ 12,000 ರೂಪಾಯಿ. ಲೆಕ್ಕ ಲಗತ್ತಿಸಿದೆ. ಮೇಲಿನ ತಾರೀಕುಗಳು ಪಾಲನೆಯಾದರೆ ಈವರೆಗಿನ ತಡಕ್ಕೆ ನಾವು ಎಲ್‌ಡಿ ಹಿಡಿಯುವುದಿಲ್ಲ. ನೀವು 28,800 ರೂಪಾಯಿಯ ಬಿಲ್ಲನ್ನು ಜಿಎಸ್‌ಟಿ ಸಮೇತ ಪೂರ್ತಿ ಕೈಬಿಟ್ಟು ಕ್ರೆಡಿಟ್ ನೋಟ್ ಕೊಡಬೇಕೆಂದು ಕೋರುತ್ತೇನೆ. ತಾರೀಕುಗಳು ತಪ್ಪಿದರೆ ಎರಡೂ ಕಡೆಯ ಹಕ್ಕು ಮೊದಲಿನಂತೆಯೇ ಇರುತ್ತದೆ. ಹೊಸ ತಾರೀಕುಗಳ ನಂತರದ ತಡಕ್ಕೆ ಪಿಒ ಷರತ್ತೇ ಅನ್ವಯ.
>
> ನಾಳೆ ಮಧ್ಯಾಹ್ನದೊಳಗೆ ‘ಒಪ್ಪಿಗೆ ಇದೆ’ ಅಂತ ಉತ್ತರಿಸಿದರೆ ಪಿಒ ತಿದ್ದುಪಡಿ ಅವತ್ತೇ ಕಳಿಸುತ್ತೇನೆ.

ಈ ಮೇಲ್‌ಗೆ ಫೈನಾನ್ಸ್‌ನವರ ಒಪ್ಪಿಗೆ ಕಳಿಸುವ ಮೊದಲೇ ಸಿಕ್ಕಿತ್ತು. ಲೆಕ್ಕದ ಹಾಳೆಯನ್ನು ಬೇರೆಯಾಗಿ ಲಗತ್ತಿಸಿದ್ದಕ್ಕೆ ಕಾರಣವಿದೆ. ಮೇಲ್ ಒಳಗೇ ಎಲ್ಲ ಲೆಕ್ಕ ತುಂಬಿದರೆ ಓದುವವರು ಲೆಕ್ಕದ ಮೇಲೆಯೇ ಜಗಳಕ್ಕೆ ನಿಲ್ಲುತ್ತಾರೆ, 40 ಪೀಸ್ ಮಾತು ಹಿಂದೆ ಉಳಿಯುತ್ತದೆ.

ಒಪ್ಪಿಗೆ ಬಂದ ಮೇಲೆ

ಇಮೇಲ್ ಮೂಲಕ ಆದ ಒಪ್ಪಂದವನ್ನು ಅದು ಎಲೆಕ್ಟ್ರಾನಿಕ್ ರೂಪದಲ್ಲಿದೆ ಎಂಬ ಒಂದೇ ಕಾರಣಕ್ಕೆ ತಳ್ಳಿಹಾಕುವಂತಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಸೆಕ್ಷನ್ ಅದನ್ನೇ ಹೇಳುತ್ತದೆ. ಆದರೂ ಎಷ್ಟೋ ಪಿಒಗಳಲ್ಲಿ ‘ಲಿಖಿತ ತಿದ್ದುಪಡಿ ಇಲ್ಲದೆ ಯಾವ ಬದಲಾವಣೆಯೂ ಇಲ್ಲ’ ಅಂತ ಇರುತ್ತದೆ. ಹಾಗಾಗಿ ಪಿಒ ಅಮೆಂಡ್‌ಮೆಂಟ್ ಬೇಕೇ ಬೇಕು. ಇನ್ನೂ ಸರಳ ಕಾರಣ ಇನ್ನೊಂದಿದೆ. ಅಕೌಂಟ್ಸ್‌ನವರ ಸಿಸ್ಟಮ್‌ಗೆ ನಿಮ್ಮ ಮೇಲ್ ಗೊತ್ತಿಲ್ಲ. ಅದರಲ್ಲಿ ಡೆಲಿವರಿ ದಿನ ಜೂನ್ 5 ಅಂತಲೇ ಇದ್ದರೆ, ನೀವು ಬಿಡುತ್ತೇನೆ ಅಂದ ಎಲ್‌ಡಿಯನ್ನು ಅದು ಪೇಮೆಂಟ್‌ನಲ್ಲಿ ಹಿಡಿದುಬಿಡುತ್ತದೆ. ಮಾತು ಕೊಟ್ಟು ಹಿಡಿದರೆ ಆ ಸಪ್ಲೈಯರ್ ಇನ್ನೊಮ್ಮೆ ನಿಮ್ಮ ಮೇಲ್ ನಂಬುವುದಿಲ್ಲ.

ಅವರ ಕಡೆಯದೂ ಹಾಗೇ. ‘ಆಯ್ತು ಸರ, ಬಿಟ್ಟೀವಿ’ ಅನ್ನುವ ಮಾತಿಗೆ ಲೆಡ್ಜರ್‌ನಲ್ಲಿ ಜಾಗವಿಲ್ಲ. ಜಿಎಸ್‌ಟಿ ಸಮೇತ ಬಿಲ್ಲು ಆಗಿಹೋಗಿದ್ದರೆ ಅದಕ್ಕೆ ಕ್ರೆಡಿಟ್ ನೋಟ್ ಬರಬೇಕು. ಅದು ಬರುವ ತನಕ ಆ ಬಿಲ್ಲಿನ 5,184 ರೂಪಾಯಿ ಜಿಎಸ್‌ಟಿಗೆ ನಿಮ್ಮವರು ಇನ್‌ಪುಟ್ ಕ್ರೆಡಿಟ್ ತಗೊಂಡಿಲ್ಲ ಅಂತ ಖಚಿತ ಮಾಡಿಕೊಳ್ಳಿ. ತಗೊಂಡಿದ್ದರೆ ಅದನ್ನು ವಾಪಸ್ ಮಾಡಬೇಕು. ಜಿಎಸ್‌ಟಿ ಲೆಕ್ಕಕ್ಕೆ ಬರುವಂತೆ ಕ್ರೆಡಿಟ್ ನೋಟ್ ತೋರಿಸಲು ಅವರಿಗೂ ಗಡುವಿದೆ. ಬಿಲ್ಲಿನ ಆರ್ಥಿಕ ವರ್ಷ ಮುಗಿದ ಮೇಲೆ ಬರುವ ನವೆಂಬರ್ 30, ಅಥವಾ ವಾರ್ಷಿಕ ರಿಟರ್ನ್ ಹಾಕಿದ ದಿನ, ಯಾವುದು ಮೊದಲೋ ಅದು. ಆದ್ದರಿಂದ ಇದನ್ನು ‘ಆಮೇಲೆ ನೋಡೋಣ’ ಅಂತ ಬಿಡಬೇಡಿ.

ನಮ್ಮ 40 ಕೇಸಿಂಗ್ ಜೂನ್ 25ರ ಬೆಳಿಗ್ಗೆ ಗೇಟ್‌ಗೆ ಬಂದವು. ಎರಡರಲ್ಲಿ ಮರಳಿನ ತೂತು ಇತ್ತು, ಅವನ್ನು ಬೇರೆ ಇಟ್ಟೆವು. ಉಳಿದ 38 ಮಾರನೇ ದಿನ ಸಂಜೆ ಮೆಷಿನ್ ಪಕ್ಕ ಸಾಲಾಗಿ ನಿಂತಿದ್ದವು. ಕ್ರೆಡಿಟ್ ನೋಟ್‌ಗೆ ಎರಡು ಸಲ ನೆನಪಿಸಬೇಕಾಯಿತು. ಜುಲೈ ಕೊನೆಯ ಲಾಟ್‌ನ ಇನ್ವಾಯ್ಸ್ ಜೊತೆ ಅದೂ ಬಂತು.